ವಯಸ್ಸು 28ರೊಳಗೆ, ಅನುಭವ 5 ವರ್ಷ: ಒಂದು ಕೆಲಸದ ಜಾಹೀರಾತಿನ ರಿಪೇರಿ

ಪ್ರಶ್ನೆ: ಮೇಡಂ, ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಮಷೀನ್ ಶಾಪ್ ಇದೆ. ವಾಲ್ವ್ ಬಿಡಿಭಾಗ ಮಾಡುತ್ತೇವೆ, 32 ಜನ ಇದ್ದಾರೆ. ಲೆಕ್ಕ ನೋಡಿಕೊಳ್ಳುತ್ತಿದ್ದ ಹುಡುಗಿ ಆರು ವರ್ಷ ಇದ್ದು ಬಿಟ್ಟಳು. ಆಮೇಲೆ ಬಂದವರಲ್ಲಿ ಒಬ್ಬರು ಮೂರು ವಾರ ಇದ್ದರು, ಇನ್ನೊಬ್ಬರು ಎರಡು ತಿಂಗಳು. "ನಾನು ಅಕೌಂಟ್ಸ್‌ಗೆ ಬಂದೋಳು, ಡಿಸ್‌ಪ್ಯಾಚ್‌ಗೆ ಅಲ್ಲ" ಅಂದು ಹೋದರು. ನಾವು ಹಾಕಿದ ಜಾಹೀರಾತು ಕೆಳಗಿದೆ. ಇದರಲ್ಲಿ ತಾರತಮ್ಯ ಇದೆ ಅಂತ ನನ್ನ ಮಗಳು ಜಗಳ ಮಾಡುತ್ತಾಳೆ. ತಪ್ಪು ಎಲ್ಲಿದೆ?

"ಪ್ರತಿಷ್ಠಿತ ಕಂಪನಿಗೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಬೇಕಾಗಿದ್ದಾರೆ. ಚುರುಕಾದ, ಲಕ್ಷಣವಾದ ಮಹಿಳಾ ಅಭ್ಯರ್ಥಿಗಳು ಮಾತ್ರ. ವಯಸ್ಸು 28ರೊಳಗೆ. ಅವಿವಾಹಿತರಿಗೆ ಆದ್ಯತೆ. ಎಂ.ಕಾಂ. ಅಥವಾ ಎಂಬಿಎ, ಕನಿಷ್ಠ 5 ವರ್ಷ ಅನುಭವ. ಟ್ಯಾಲಿ, ಜಿಎಸ್‌ಟಿ, ನಿರರ್ಗಳ ಇಂಗ್ಲಿಷ್ ಕಡ್ಡಾಯ. ಸ್ವಂತ ದ್ವಿಚಕ್ರ ವಾಹನ ಇರಬೇಕು. ಒತ್ತಡದಲ್ಲಿ ಕೆಲಸ ಮಾಡಬಲ್ಲವರಾಗಿರಬೇಕು. ಮಾಲೀಕರು ಹೇಳಿದ ಇತರ ಕೆಲಸಗಳನ್ನೂ ಮಾಡಬೇಕು. ಸಂಬಳ ಅರ್ಹತೆಗೆ ತಕ್ಕಂತೆ."

ಉತ್ತರ: ನಿಮ್ಮ ಮಗಳ ಮಾತು ಸರಿ. ಆದರೂ ನಾನು ತಾರತಮ್ಯದಿಂದ ಶುರು ಮಾಡುವುದಿಲ್ಲ. ಇಪ್ಪತ್ತೈದು ವರ್ಷ ಕಾರ್ಖಾನೆಗಳಿಗೆ ಜನ ಆರಿಸುವ ಕೆಲಸ ಮಾಡಿದ್ದೇನೆ. ಜಾಹೀರಾತಿನಲ್ಲಿ ಕೆಟ್ಟ ಪದಗಳನ್ನಷ್ಟೇ ಹುಡುಕಿ ಅಳಿಸಿದರೆ ಅದು ಸಭ್ಯವಾಗಿ ಕಾಣುತ್ತದೆ, ಕೆಲಸಕ್ಕೆ ಮಾತ್ರ ಬರುವುದಿಲ್ಲ. ನಿಮ್ಮ ಜಾಹೀರಾತಿನ ಮೂಲ ರೋಗ ಕೊನೆಯಿಂದ ಎರಡನೇ ಸಾಲಿನಲ್ಲಿದೆ: "ಮಾಲೀಕರು ಹೇಳಿದ ಇತರ ಕೆಲಸಗಳು." ಇಡೀ ಜಾಹೀರಾತಿನಲ್ಲಿ ಕೆಲಸದ ಬಗ್ಗೆ ಇರುವ ವಾಕ್ಯ ಅದೊಂದೇ. ಮಿಕ್ಕಿದ್ದೆಲ್ಲ ಬರುವವರ ಬಗ್ಗೆ: ಅವರ ವಯಸ್ಸು, ಮುಖ, ಮದುವೆ, ಗಾಡಿ. ಕೆಲಸ ಏನೆಂದು ಬರೆಯದಿದ್ದಾಗ ಆ ಖಾಲಿ ಜಾಗವನ್ನು ಮನುಷ್ಯರ ವರ್ಣನೆಯಿಂದ ತುಂಬಿಸುತ್ತೇವೆ. ತಾರತಮ್ಯ ನುಸುಳುವುದು ಹೆಚ್ಚಾಗಿ ಆ ದಾರಿಯಲ್ಲೇ.

ಆದ್ದರಿಂದ ಮೊದಲು ಕೆಲಸ. ನಾನು ಫೋನ್ ಮಾಡಿ ಹಳೆಯ ಹುಡುಗಿ ತಿಂಗಳಿಡೀ ಏನೇನು ಮಾಡುತ್ತಿದ್ದಳು ಎಂದು ಕೇಳಿದಾಗ ನೀವು "ಏನಿಲ್ರಿ, ಅಕೌಂಟ್ಸು" ಎಂದಿರಿ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ತಾರೀಖಿನ ಪ್ರಕಾರ ಹೇಳಿ ಎಂದ ಮೇಲೆ ಕಥೆಯೇ ಬೇರೆಯಾಯಿತು. ದಿನಕ್ಕೆ ಎಂಟು ಹತ್ತು ಇನ್‌ವಾಯ್ಸ್. ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗುವ ಮಾಲಿಗೆ ಜಾಬ್ ವರ್ಕ್ ಚಲನ್. 50,000 ರೂಪಾಯಿಗಿಂತ ಹೆಚ್ಚಿನ ಸರಕಾದರೆ ಇ-ವೇ ಬಿಲ್. ಸಂಜೆ ನಾಲ್ಕರ ಮೇಲೆ ಲಾರಿ ಆಫೀಸಿನವರನ್ನು ಕರೆದು ಮಾಲು ಹತ್ತಿಸುವ ತನಕ ನಿಲ್ಲುವುದು. ತಿಂಗಳ 7ರೊಳಗೆ ಟಿಡಿಎಸ್ ಮತ್ತು ಕೆಲಸಗಾರರ ಪಗಾರ, 11ಕ್ಕೆ ಮಾರಾಟದ ವಿವರ ಹೋಗುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ರಿಟರ್ನ್ ಹಾಕುವುದು ನಿಮ್ಮ ಹೊರಗಿನ ಟ್ಯಾಕ್ಸ್ ಕನ್ಸಲ್ಟೆಂಟ್. ಹುಡುಗಿ ಅವರಿಗೆ ಲೆಕ್ಕ ಹೊಂದಿಸಿ ಕಳಿಸುತ್ತಿದ್ದಳು. ವಾರಕ್ಕೆರಡು ಸಲ ಬ್ಯಾಂಕ್. ಕೊನೆಯಲ್ಲಿ ಸ್ವಲ್ಪ ಅಳುಕಿನಿಂದಲೇ ಹೇಳಿದಿರಿ: ಕೆಲವೊಮ್ಮೆ ಮನೆಯ ಕರೆಂಟ್ ಬಿಲ್, ಮೊಮ್ಮಗನ ಶಾಲೆಯ ಫೀಸು.

ಇದನ್ನು ದಿನದ ಲೆಕ್ಕಕ್ಕೆ ಇಳಿಸಿ ನೋಡಿ. ಅರ್ಧದಷ್ಟು ಹೊತ್ತು ಬಿಲ್ಲು, ಚಲನ್ ಮತ್ತು ಲೋಡಿಂಗ್‌ಗೆ ಹೋಗುತ್ತದೆ. ಶುದ್ಧ ಲೆಕ್ಕಪತ್ರ ಸುಮಾರು ಮೂರನೇ ಒಂದು ಭಾಗ. ಬಿಟ್ಟು ಹೋದವರು ಸುಳ್ಳು ಹೇಳಿಲ್ಲ, ಅವರು ಬಂದದ್ದು ಅಕೌಂಟ್ಸ್‌ಗೆ, ಸಿಕ್ಕಿದ್ದು ಡಿಸ್‌ಪ್ಯಾಚ್. ಹುದ್ದೆಯ ಹೆಸರನ್ನೇ "ಅಕೌಂಟ್ಸ್ ಮತ್ತು ಡಿಸ್‌ಪ್ಯಾಚ್ ಅಸಿಸ್ಟೆಂಟ್" ಮಾಡಿ. "ಎಕ್ಸಿಕ್ಯುಟಿವ್" ಎಂಬ ಪದಕ್ಕೆ ನಮ್ಮೂರಿನ ಜಾಹೀರಾತುಗಳಲ್ಲಿ ಈಗ ಅರ್ಥವೇ ಉಳಿದಿಲ್ಲ. ಮನೆಮನೆಗೆ ಸೋಪು ಮಾರುವವರಿಂದ ಹಿಡಿದು ಎಲ್ಲರೂ ಎಕ್ಸಿಕ್ಯುಟಿವ್‌ಗಳೇ. ಮನೆಯ ಬಿಲ್ಲುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಜಾಹೀರಾತಿನಲ್ಲಿ ಬರೆಯಲು ನಾಚಿಕೆಯಾಗುವ ಕೆಲಸವನ್ನು ಆಮೇಲೆ ಸದ್ದಿಲ್ಲದೆ ಹೇರಬಾರದು. "ಇತರ ಕೆಲಸಗಳು" ಎಂಬ ಸಾಲು ಅಂಥದ್ದಕ್ಕೇ ಇಟ್ಟುಕೊಂಡ ಹಿಂಬಾಗಿಲು.

"ಒತ್ತಡದಲ್ಲಿ ಕೆಲಸ ಮಾಡಬಲ್ಲವರು" ಎಂಬುದೂ ಹಾಗೆಯೇ. ಒತ್ತಡ ಯಾವಾಗ, ಎಷ್ಟು? ಕ್ಯಾಲೆಂಡರ್ ಪ್ರಕಾರ ನಿಮ್ಮಲ್ಲಿ ಅದು 5ರಿಂದ 11ರವರೆಗೆ ಮಾತ್ರ; ಆ ವಾರ ಸಂಜೆ ಒಂದು ಗಂಟೆ ಹೆಚ್ಚು ಕೂರಬೇಕು. ಅಷ್ಟನ್ನೇ ಬರೆಯಿರಿ. ಚಿಕ್ಕ ಮಗುವಿನ ತಾಯಿಯೊಬ್ಬಳು "ಒತ್ತಡ" ಎಂಬ ಪದ ಓದಿದರೆ ರಾತ್ರಿ ಒಂಬತ್ತರವರೆಗೆ ಕೂರಿಸುತ್ತಾರೆಂದು ಹೆದರಿ ಅರ್ಜಿ ಹಾಕುವುದಿಲ್ಲ. ತಿಂಗಳಿಗೆ ಏಳು ಸಂಜೆ ಎಂದರೆ ಮನೆಯಲ್ಲಿ ಹೇಳಿ ವ್ಯವಸ್ಥೆ ಮಾಡಿಕೊಳ್ಳುತ್ತಾಳೆ.

ಈಗ ಅರ್ಹತೆಗಳು. ಇಲ್ಲಿ ಮೊದಲು ಒಂದು ಕೂಡುವ ಲೆಕ್ಕ ಮಾಡೋಣ. ಆರು ತುಂಬಿ ಒಂದನೇ ತರಗತಿಗೆ ಸೇರಿದ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವಾಗ 16. ಪಿಯುಸಿ 18, ಬಿ.ಕಾಂ. 21, ಎಂ.ಕಾಂ. 23. ಅದರ ಮೇಲೆ 5 ವರ್ಷ ಅನುಭವ ಸೇರಿಸಿದರೆ 28. ನೀವು ಕೇಳಿದ್ದು 28ರೊಳಗೆ! ಒಂದು ವರ್ಷವೂ ಫೇಲಾಗದೆ, ಕಾಯಿಲೆ ಬೀಳದೆ, ಕೊನೆಯ ಪರೀಕ್ಷೆ ಬರೆದ ಮರುದಿನವೇ ಕೆಲಸಕ್ಕೆ ಸೇರಿದವರಿಗೂ ನಿಮ್ಮ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಅಂಥ ಒಬ್ಬರು ಸಿಕ್ಕರೂ ಅವರು ನಿಮ್ಮ ಮನಸ್ಸಿನಲ್ಲಿರುವ 22 ಸಾವಿರಕ್ಕೆ ನಿಲ್ಲುವವರಲ್ಲ. ಜಾಹೀರಾತಿನ ಷರತ್ತುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಾಧುವಾಗಿಯೇ ಕಾಣುತ್ತವೆ. ಒಟ್ಟಿಗೆ ಇಟ್ಟು ನೋಡಿದಾಗ ಒಂದನ್ನೊಂದು ಕಚ್ಚುತ್ತಿರುವುದು ಗೊತ್ತಾಗುತ್ತದೆ. ವಯಸ್ಸು, ಅನುಭವ, ಪದವಿ, ಸಂಬಳ, ಈ ನಾಲ್ಕನ್ನೂ ಒಂದೇ ಚೀಟಿಯ ಮೇಲೆ ಬರೆದು "ಇಂಥ ಒಬ್ಬರ ಹೆಸರು ಹೇಳಬಲ್ಲೆನೇ" ಎಂದು ಕೇಳಿಕೊಳ್ಳಿ. ಹೊಳೆಯದಿದ್ದರೆ ಷರತ್ತು ಜಾಸ್ತಿಯಾಗಿದೆ.

ಎಂ.ಕಾಂ. ಬೇಕೇ? ಆರು ವರ್ಷ ನಿಮ್ಮ ಲೆಕ್ಕ ಸುಸೂತ್ರವಾಗಿ ನಡೆಸಿದವಳು ಏನು ಓದಿದ್ದಳು ಎಂದು ಕೇಳಿದಾಗ "ಬಿ.ಕಾಂ., ಅದೂ ಸೆಕೆಂಡ್ ಕ್ಲಾಸ್" ಎಂದಿರಿ. ಹಾಗಾದರೆ ಅವಳೇ ಇವತ್ತು ಅರ್ಜಿ ಹಾಕಿದರೆ ನಿಮ್ಮ ಜಾಹೀರಾತು ಅವಳನ್ನು ಹೊರಗಿಡುತ್ತದೆ. ಅರ್ಹತೆ ಉಬ್ಬಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ: ಈಗ ಆ ಕೆಲಸ ಚೆನ್ನಾಗಿ ಮಾಡುತ್ತಿರುವವರು, ಅಥವಾ ಹಿಂದೆ ಮಾಡಿದವರು, ಈ ಷರತ್ತಿನಲ್ಲಿ ಪಾಸಾಗುತ್ತಾರೆಯೇ? ಇದು ನಮ್ಮೂರಿನ ರೋಗ ಮಾತ್ರವಲ್ಲ. ಅಮೆರಿಕದಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರ್ಖಾನೆಯ ಪ್ರೊಡಕ್ಷನ್ ಸೂಪರ್‌ವೈಸರ್ ಹುದ್ದೆಯ ಲೆಕ್ಕ ಇದೆ. ಜಾಹೀರಾತುಗಳಲ್ಲಿ ಶೇ 67ರಷ್ಟು ಕಾಲೇಜು ಪದವಿ ಕೇಳುತ್ತಿದ್ದವು. ಆಗ ಆ ಕೆಲಸದಲ್ಲಿದ್ದವರಲ್ಲಿ ಪದವಿ ಇದ್ದದ್ದು ಶೇ 16 ಜನಕ್ಕೆ. ಕೆಲಸ ಬದಲಾಗಿರಲಿಲ್ಲ, ಬೇಡಿಕೆ ಮಾತ್ರ ಏರಿತ್ತು.

ನಾನೂ ಈ ತಪ್ಪು ಮಾಡಿದವಳೇ. ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಹುದ್ದೆಗೆ "ಬಿ.ಇ. ಮೆಕ್ಯಾನಿಕಲ್" ಎಂದು ಹಾಕಿದ್ದೆ. ಡ್ರಾಯಿಂಗ್ ಓದಲು ಬರಬೇಕು ಎಂಬುದು ಕಾರಣ, ಅರ್ಜಿಗಳ ರಾಶಿ ಕಡಿಮೆಯಾಗಲಿ ಎಂಬುದು ನಿಜವಾದ ಕಾರಣ. ಒಂದೇ ವರ್ಷದಲ್ಲಿ ಮೂವರು ಎಂಜಿನಿಯರುಗಳು ಬಂದು ಹೋದರು. ಬೋಲ್ಟು ಎಣಿಸುವುದಕ್ಕೆ ಯಾರು ತಾನೇ ನಾಲ್ಕು ವರ್ಷ ಓದಿರುತ್ತಾರೆ? ಕೊನೆಗೆ ಐಟಿಐ ಫಿಟ್ಟರ್ ಒಬ್ಬರನ್ನು ತೆಗೆದುಕೊಂಡೆ, ಡ್ರಾಯಿಂಗನ್ನು ಅವರು ನನಗಿಂತ ಚೆನ್ನಾಗಿ ಓದುತ್ತಿದ್ದರು. ಪದವಿಯನ್ನು ಜರಡಿಯಂತೆ ಬಳಸುವವರು ಆ ಜರಡಿಯಲ್ಲಿ ಏನು ಸೋರಿ ಹೋಯಿತು ಎಂದು ನೋಡುವುದಿಲ್ಲ.

ಪದವಿಯ ಜಾಗದಲ್ಲಿ ಏನಿಡಬೇಕು? ಅರ್ಧ ಗಂಟೆಯ ಪರೀಕ್ಷೆ. ನಿಮ್ಮದೇ ಹಳೆಯ ಐದು ಬಿಲ್ಲುಗಳನ್ನು ಗ್ರಾಹಕರ ಹೆಸರು ಮುಚ್ಚಿ ಕೊಡಿ. ಒಂದು ಪುಣೆಗೆ ಹೋದ ಮಾಲು, ಒಂದು ಬೆಳಗಾವಿಗೆ. ತೆರಿಗೆ ದರ ಶೇ 18 ಇರುವ ಬಿಡಿಭಾಗ ಎಂದಿಟ್ಟುಕೊಳ್ಳಿ. ಪುಣೆಯದು ಹೊರರಾಜ್ಯ, ಆದ್ದರಿಂದ ಪೂರ್ತಿ 18 ಐಜಿಎಸ್‌ಟಿ. ಬೆಳಗಾವಿಯದು ರಾಜ್ಯದೊಳಗೆ, ಆದ್ದರಿಂದ 9 ಸಿಜಿಎಸ್‌ಟಿ, 9 ಎಸ್‌ಜಿಎಸ್‌ಟಿ. ಪುಣೆಯ ಬಿಲ್ಲಿನಲ್ಲಿ ಬೇಕೆಂದೇ 9 ಮತ್ತು 9 ಎಂದು ತಪ್ಪು ಹಾಕಿಡಿ. ಇನ್ನೊಂದರಲ್ಲಿ ಮೊತ್ತ 50,000 ದಾಟಿರಲಿ, ಇ-ವೇ ಬಿಲ್ ಲಗತ್ತಿಸಬೇಡಿ. ಎರಡನ್ನೂ ಹಿಡಿದವರು ನಿಮ್ಮ ಕೆಲಸಕ್ಕೆ ಸಿದ್ಧವಾಗಿದ್ದಾರೆ. ಒಂದನ್ನು ಹಿಡಿದು, ಇನ್ನೊಂದನ್ನು ತೋರಿಸಿದಾಗ "ಓ, ಹೌದಲ್ಲ" ಎಂದವರು ತಿಂಗಳೊಳಗೆ ಕಲಿಯುತ್ತಾರೆ. ಎಂಬಿಎ ಪ್ರಮಾಣಪತ್ರ ಇದರಲ್ಲಿ ಯಾವುದನ್ನೂ ನಿಮಗೆ ಹೇಳುವುದಿಲ್ಲ.

5 ವರ್ಷ ಅನುಭವದ ಬಗ್ಗೆ ನಾನು ಕೇಳುವ ಪ್ರಶ್ನೆ ಒಂದೇ: ಮೊದಲ ದಿನ ಬೆಳಿಗ್ಗೆಯೇ ಬರಬೇಕಾದದ್ದು ಯಾವುದು, ನೀವು ಕಲಿಸಬಹುದಾದದ್ದು ಯಾವುದು? ಟ್ಯಾಲಿಯಲ್ಲಿ ಎಂಟ್ರಿ ಮಾಡುವುದು ಮೊದಲ ದಿನವೇ ಬರಬೇಕು, ಏಕೆಂದರೆ ಪಕ್ಕದಲ್ಲಿ ಕೂತು ಹೇಳಿಕೊಡಲು ನಿಮ್ಮಲ್ಲಿ ಯಾರೂ ಇಲ್ಲ. ಜಾಬ್ ವರ್ಕ್ ಚಲನ್ ಒಂದು ವಾರದ ಪಾಠ. ನಿಮ್ಮ ತಿಂಗಳಿನ ಚಕ್ರ ಎರಡು ಸಲ ತಿರುಗಿದರೆ ಎಲ್ಲ ಬರುತ್ತದೆ. ಹಾಗಾಗಿ "ಬಿಲ್ಲಿಂಗ್ ಅಥವಾ ಲೆಕ್ಕಪತ್ರದಲ್ಲಿ ಒಂದು ವರ್ಷದಷ್ಟು ಕೆಲಸ ಮಾಡಿರಬೇಕು" ಎಂದರೆ ಸಾಕು. "ನಿರರ್ಗಳ ಇಂಗ್ಲಿಷ್" ಸಹ ಇದೇ ಪರೀಕ್ಷೆಯಲ್ಲಿ ಬೀಳುತ್ತದೆ. ಲಾರಿ ಡ್ರೈವರ್ ಜೊತೆ, ಆಡಿಟರ್ ಜೊತೆ ಇಂಗ್ಲಿಷ್ ಮಾತಾಡುವ ಪ್ರಸಂಗವೇ ನಿಮ್ಮಲ್ಲಿ ಇಲ್ಲ. ಬೇಕಿರುವುದು ಇಂಗ್ಲಿಷಿನ ಪರ್ಚೇಸ್ ಆರ್ಡರ್ ಓದಿ ಅರ್ಥ ಮಾಡಿಕೊಳ್ಳುವುದು, ಎರಡು ಸಾಲಿನ ಇಮೇಲ್ ಬರೆಯುವುದು. ಪುಣೆಯವರೊಂದಿಗೆ ಫೋನಿನಲ್ಲಿ ಮಾತಾಡಲು ಹರಕುಮುರುಕು ಹಿಂದಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದ್ವಿಚಕ್ರ ವಾಹನ? ವಾರಕ್ಕೆರಡು ಸಲ ಬ್ಯಾಂಕಿಗೆ ಹೋಗಲು ಆಟೋ ಸಾಕು. ಆ ಷರತ್ತಿನಿಂದ ಗಾಡಿ ಓಡಿಸಲಾಗದ ಅಂಗವಿಕಲರು, ಗಾಡಿ ಕೊಳ್ಳಲಾಗದ ಮನೆಯವರು ಸುಮ್ಮಸುಮ್ಮನೆ ಹೊರಗುಳಿಯುತ್ತಾರೆ. ಅಂದ ಹಾಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಎಲ್ಲ ಸಂಸ್ಥೆಗಳೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಅದು ಇನ್ನಷ್ಟು ವಿವರವಾಗಿರಬೇಕು. ನಿಮ್ಮಲ್ಲಿ 32 ಜನ ಇದ್ದಾರೆ.

ಈಗ ಮಗಳ ಜಗಳಕ್ಕೆ ಬರೋಣ. "ಮಹಿಳಾ ಅಭ್ಯರ್ಥಿಗಳು ಮಾತ್ರ" ಎಂದು ಹಾಕಿ ನೀವು ಹೆಣ್ಣುಮಕ್ಕಳಿಗೆ ಉಪಕಾರ ಮಾಡಿದೆ ಎಂದುಕೊಂಡಿರಬಹುದು. ಅನೇಕ ಮಾಲೀಕರು ಖಾಸಗಿಯಾಗಿ ನನಗೆ ಹೇಳುವ ಕಾರಣ ಬೇರೆ: ಹೆಣ್ಣುಮಕ್ಕಳು ಕಡಿಮೆ ಸಂಬಳಕ್ಕೆ ಬರುತ್ತಾರೆ, ಎದುರು ಮಾತಾಡುವುದಿಲ್ಲ. ಅದೇ ಮಾಲೀಕರು ಮಷೀನಿಗೆ ಜನ ಬೇಕಾದಾಗ "ಹುಡುಗರು ಬೇಕು" ಎನ್ನುತ್ತಾರೆ. ಇದು ಅಭಿರುಚಿಯ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಒಂದೇ ಬಗೆಯ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಹೆಣ್ಣು ಗಂಡು ಎಂದು ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, ಅದರ 3ನೇ ಸೆಕ್ಷನ್ ಅದನ್ನೇ ಹೇಳುತ್ತದೆ. 2019ರ ತೃತೀಯ ಲಿಂಗಿಗಳ ಹಕ್ಕು ರಕ್ಷಣೆಯ ಕಾಯ್ದೆಯೂ ನೇಮಕಾತಿಯಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಕೆಲಸವೇ ಹೆಂಗಸರನ್ನು ಬೇಡುವ ಸಂದರ್ಭಗಳೂ ಇವೆ, ಮಹಿಳೆಯರನ್ನು ತಪಾಸಣೆ ಮಾಡುವ ಸೆಕ್ಯುರಿಟಿ ಕೆಲಸದಂಥವು. ಇನ್‌ವಾಯ್ಸ್ ಬರೆಯುವುದು ಆ ಪಟ್ಟಿಯಲ್ಲಿಲ್ಲ.

"ಅವಿವಾಹಿತರಿಗೆ ಆದ್ಯತೆ" ಎಂಬುದನ್ನು ಯಾರೂ ಗಂಡಸರ ಕೆಲಸಕ್ಕೆ ಬರೆಯುವುದಿಲ್ಲ. ಅದರ ಕೊಂಕು ಅಲ್ಲೇ ಇದೆ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಬೇಕಿತ್ತು, ಮದುವೆಯಾದ ಮೇಲೆ ರಾಜೀನಾಮೆ ಕೇಳುವ ಅಧಿಕಾರವೂ ಸರ್ಕಾರಕ್ಕಿತ್ತು. ಗಂಡು ಅಧಿಕಾರಿಗೆ ಅಂಥ ನಿಯಮ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇಳಿದ್ದು ಸರಳ: ಸಂಸಾರ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿಗೂ ಆಗಬಹುದಲ್ಲವೇ? ಅದು ಸರ್ಕಾರಿ ನೌಕರಿಯ ಪ್ರಕರಣ, ಸಂವಿಧಾನದ ಸಮಾನತೆಯ ವಿಧಿಗಳು ನಿಮ್ಮ ಮಷೀನ್ ಶಾಪಿಗೆ ನೇರವಾಗಿ ಹಾಗೆ ತಟ್ಟುವುದಿಲ್ಲ. ಆದರೆ ಪ್ರಶ್ನೆ ನಿಮಗೂ ಅದೇ. ನಿಮ್ಮ ಭಯ ಏನೆಂದು ಗೊತ್ತು: ಮದುವೆಯಾಗಿ ಬೇರೆ ಊರಿಗೆ ಹೋದರೆ? ಅವಿವಾಹಿತರನ್ನೇ ಆರಿಸುವುದರಿಂದ ಆ ಭಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹುಬ್ಬಳ್ಳಿಯಲ್ಲೇ ಮನೆ ಮಾಡಿಕೊಂಡು ಮಕ್ಕಳನ್ನು ಇಲ್ಲೇ ಶಾಲೆಗೆ ಹಾಕಿದವರು ಊರು ಬಿಡುವುದು ಕಡಿಮೆ, ಅಲ್ಲವೇ?

ವಯಸ್ಸಿನ ಮಿತಿಯನ್ನು ಖಾಸಗಿ ಕೆಲಸದಲ್ಲಿ ಸಾರಾಸಗಟಾಗಿ ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಆದರೂ ತೆಗೆಯಿರಿ. ಮಗು ಶಾಲೆಗೆ ಹೋಗಲು ಶುರುವಾದ ಮೇಲೆ ಮತ್ತೆ ಕೆಲಸ ಹುಡುಕುವ 35ರ ಬಿ.ಕಾಂ. ಹೆಣ್ಣುಮಕ್ಕಳು ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟು ಜನ ಇದ್ದಾರೆಂದು ನಿಮ್ಮ ಮನೆಯವರನ್ನೇ ಕೇಳಿ. "ಲಕ್ಷಣವಾದ" ಎಂಬ ಪದದ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಇದು ವಧು ಬೇಕಾಗಿದ್ದಾಳೆ ಕಾಲಂ ಅಲ್ಲ.

ಪದಗಳ ಬಗ್ಗೆ ಒಂದು ಮಾತು. ಇಂಗ್ಲಿಷ್ ಜಾಹೀರಾತುಗಳಲ್ಲಿ ಸ್ಪರ್ಧೆ, ಮೇಲುಗೈ ಮುಂತಾದ ಧ್ವನಿಯ ಪದಗಳು ಹೆಚ್ಚಾದರೆ ಹೆಂಗಸರಿಗೆ ಆ ಕೆಲಸದ ಮೇಲೆ ಆಸಕ್ತಿ ಇಳಿಯುತ್ತದೆ ಎಂದು 2011ರ ಸಂಶೋಧನೆಯೊಂದು ತೋರಿಸಿದೆ. ಅಂಥ ಪದಪಟ್ಟಿ ಹಿಡಿದು ಕನ್ನಡ ಜಾಹೀರಾತನ್ನು ಶೋಧಿಸಲು ಹೊರಟರೆ ಪ್ರಯೋಜನ ಕಡಿಮೆ. ಕನ್ನಡದಲ್ಲಿ ಭೇದ ಇರುವುದು ಪದದ ಕೊನೆಯಲ್ಲಿ. "ಮೇಲ್ವಿಚಾರಕ" ಎಂದರೆ ಗಂಡು, "ಮೇಲ್ವಿಚಾರಕಿ" ಎಂದರೆ ಹೆಣ್ಣು, "ಮೇಲ್ವಿಚಾರಕರು" ಎಂದರೆ ಯಾರಾದರೂ ಆಗಬಹುದು. "ಬೇಕಾಗಿದ್ದಾರೆ" ಎಂಬ ನಮ್ಮ ಕ್ರಿಯಾಪದವೂ ಹೆಣ್ಣು ಗಂಡು ನೋಡುವುದಿಲ್ಲ. ಭಾಷೆ ಪುಕ್ಕಟೆಯಾಗಿ ಕೊಟ್ಟ ಈ ಅನುಕೂಲವನ್ನು "ಯುವಕರು", "ಹುಡುಗರು", "ಹುಡುಗಿ" ಎಂದು ನಾವೇ ಕೆಡಿಸುತ್ತೇವೆ. ನಿಮ್ಮ ಪತ್ರದಲ್ಲೂ ಆರು ವರ್ಷ ನಿಮ್ಮ ಲೆಕ್ಕ ನೋಡಿದವರು "ಹುಡುಗಿ". ನಾನೂ ನಿಮ್ಮನ್ನು ಅನುಸರಿಸಿ ಇಷ್ಟು ಹೊತ್ತು ಹಾಗೇ ಬರೆದೆ.

ಉಳಿದದ್ದು ಸಂಬಳ. "ಅರ್ಹತೆಗೆ ತಕ್ಕಂತೆ" ಎಂದರೆ ಓದುವವರಿಗೆ "ಚೌಕಾಸಿಗೆ ಬನ್ನಿ" ಎಂದು ಕೇಳಿಸುತ್ತದೆ. 19ರಿಂದ 22 ಸಾವಿರ ಎಂದು ನೇರವಾಗಿ ಹಾಕಿ. ಅದು ಪಿಎಫ್ ಕಡಿತಕ್ಕೆ ಮೊದಲೋ ಆಮೇಲೋ ಎಂಬುದನ್ನೂ ಹೇಳಿ, ಮೊದಲ ತಿಂಗಳ ಪಗಾರದ ದಿನ ಮುಖ ಬಾಡುವುದು ಅಲ್ಲೇ. ಹೆಚ್ಚು ಸಂಬಳ ಬಯಸುವವರು ಅರ್ಜಿಯನ್ನೇ ಹಾಕುವುದಿಲ್ಲ, ನಿಮಗೂ ಸಂದರ್ಶನದ ಹೊತ್ತು ಉಳಿಯುತ್ತದೆ.

ಇಷ್ಟು ಮಾಡಿದ ಮೇಲೆ ನಿಮ್ಮ ಜಾಹೀರಾತು ಹೀಗೆ ಬರುತ್ತದೆ:

"ಗೋಕುಲ ರಸ್ತೆಯ ವಾಲ್ವ್ ಬಿಡಿಭಾಗಗಳ ಕಾರ್ಖಾನೆಗೆ ಅಕೌಂಟ್ಸ್ ಮತ್ತು ಡಿಸ್‌ಪ್ಯಾಚ್ ಅಸಿಸ್ಟೆಂಟ್ ಬೇಕಾಗಿದ್ದಾರೆ. ಕೆಲಸ: ದಿನಕ್ಕೆ 8-10 ಇನ್‌ವಾಯ್ಸ್, ಚಲನ್, ಇ-ವೇ ಬಿಲ್ ಮಾಡುವುದು, ಸಂಜೆ ಮಾಲು ಲೋಡ್ ಆಗುವಾಗ ಲೆಕ್ಕ ತಾಳೆ ನೋಡುವುದು, ಟ್ಯಾಲಿಯಲ್ಲಿ ಖರೀದಿ, ಮಾರಾಟದ ಎಂಟ್ರಿ, 32 ಜನರ ಹಾಜರಿ ಮತ್ತು ಪಗಾರ, ಕನ್ಸಲ್ಟೆಂಟ್‌ಗೆ ಜಿಎಸ್‌ಟಿ, ಪಿಎಫ್, ಇಎಸ್‌ಐ ಲೆಕ್ಕ ಒದಗಿಸುವುದು, ವಾರಕ್ಕೆ 2 ಸಲ ಬ್ಯಾಂಕ್ (ಆಟೋ ಖರ್ಚು ನಮ್ಮದು). ಬೇಕಾದದ್ದು: ಟ್ಯಾಲಿಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡಲು ಬರಬೇಕು, ಬಿಲ್ಲಿಂಗ್ ಅಥವಾ ಲೆಕ್ಕಪತ್ರದಲ್ಲಿ ಸುಮಾರು 1 ವರ್ಷ ಅನುಭವ, ಕನ್ನಡ ಮಾತು, ಇಂಗ್ಲಿಷ್ ಓದು. ಬಿ.ಕಾಂ. ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ. ವೇಳೆ 9.30ರಿಂದ 6, ಪ್ರತಿ ತಿಂಗಳು 5ರಿಂದ 11ರವರೆಗೆ 7. ಸಂಬಳ ಪಿಎಫ್ ಕಡಿತಕ್ಕೆ ಮೊದಲು 19,000ದಿಂದ 22,000. ಅರ್ಧ ಗಂಟೆಯ ಬಿಲ್ಲಿಂಗ್ ಪರೀಕ್ಷೆ ಇರುತ್ತದೆ."

ಪತ್ರಿಕೆಯ ಸಣ್ಣ ಜಾಹೀರಾತಿಗೆ ಇದು ಉದ್ದವಾಯಿತು. ಅಲ್ಲಿ ಹುದ್ದೆಯ ಹೆಸರು, ಸಂಬಳ, ಟ್ಯಾಲಿ, ಫೋನ್ ನಂಬರ್ ಮಾತ್ರ ಕೊಟ್ಟು, ಪೂರ್ತಿ ವಿವರವನ್ನು ಫೋನ್ ಮಾಡಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಆಗ ಒಂದು ಲೆಕ್ಕ ಇಟ್ಟುಕೊಳ್ಳಿ. ವಿವರ ಓದಿ ಆಗಲೇ ಹಿಂದೆ ಸರಿದವರು ಎಷ್ಟು, ಸಂದರ್ಶನಕ್ಕೆ ಬಂದು ಕೆಲಸದ ಮಾತು ಕೇಳಿ ಬೇಡ ಎಂದವರು ಎಷ್ಟು. ಮೊದಲನೆಯದು ಎಷ್ಟಿದ್ದರೂ ಚಿಂತೆಯಿಲ್ಲ. ಎರಡನೆಯದು ಹೆಚ್ಚಾದರೆ ಜಾಹೀರಾತು ಇನ್ನೂ ಏನನ್ನೋ ಮುಚ್ಚಿಡುತ್ತಿದೆ. ಇಷ್ಟೆಲ್ಲ ತಿದ್ದಿ, ಸಂದರ್ಶನದಲ್ಲಿ "ಮದುವೆ ಯಾವಾಗ? ಮನೆಯವರು ಒಪ್ಪಿದ್ದಾರಾ?" ಎಂದು ಕೇಳಿದರೆ ನನ್ನ ಶ್ರಮ ನೀರಿನಲ್ಲಿ ಹೋಮ.

ಅಚ್ಚಿಗೆ ಕೊಡುವ ಮೊದಲು ಇದನ್ನು ಆರು ವರ್ಷ ಇದ್ದು ಹೋದ ಆ ಹೆಣ್ಣುಮಗಳಿಗೆ ಕಳಿಸಿ, ಏನು ಬಿಟ್ಟುಹೋಗಿದೆ ಎಂದು ಕೇಳಿ. ನೀವು ಫೋನಿನಲ್ಲಿ ನನಗೆ ಹೇಳಲು ಮರೆತ ಒಂದೆರಡು ಕೆಲಸಗಳಾದರೂ ಅವರಿಗೆ ನೆನಪಿರುತ್ತವೆ.